ಟಿಬೆಟನ್ ಸೂತ್ರದ ಮೊದಲ ವಾಕ್ಯ

ದಕ್ಷಿಣ ಬೆಂಗಳೂರಿನ ವಾಚಕರಲ್ಲಿ ಟಿಬೆಟನ್ ಮುಖವನ್ನು ಕಾಣದವರು ವಿರಳ. ಚಳಿಗಾಲದಲ್ಲಿ ಬೀದಿಯ ಬದಿಯಲ್ಲಿ ಉಣ್ಣೆಯ ಅಂಗಿಗಳನ್ನು ಮಾರುವವರನ್ನು ಎಲ್ಲರೂ ನೋಡಿರುತ್ತಾರೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಿಂದ ಕಾಲೇಜು ಓದಲು ಬಂದು ಇಲ್ಲಿ ಕೋಣೆ ಹಿಡಿದಿರುವ ತರುಣರನ್ನು ಅನೇಕರು ಬಲ್ಲರು. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರವು ಕೊಟ್ಟ ಕಾಡುನೆಲವನ್ನು ಹಸನುಮಾಡಿ ಆ ಜನರು ಬೈಲಕುಪ್ಪೆಯಲ್ಲಿ ನೆಲಸಿದರು. 1419ರಲ್ಲಿ ಲಾಸಾ ನಗರದ ಬಳಿ ಸ್ಥಾಪಿತವಾದ ಸೆರಾ ವಿಹಾರವು ಮುಂದೆ ಅಲ್ಲಿಯೇ ಪುನಃ ತಲೆಯೆತ್ತಿತು. ಹೀಗೆ ಭಾರತದಿಂದ ಸಾವಿರ ವರ್ಷಗಳ ಹಿಂದೆ ಹಿಮಾಲಯವನ್ನು ದಾಟಿ ಹೋದ ಸೂತ್ರಗ್ರಂಥಗಳು, ಟಿಬೆಟನ್ ಭಾಷೆಯ ಉಡುಪು ತೊಟ್ಟು, ಕಾವೇರಿಯ ಸೀಮೆಗೆ ಬಂದು ಸೇರಿವೆ.

ಬಿ.ಟಿ.ಎಂ. ಬಡಾವಣೆಯಲ್ಲಿ ವಾಸವಾಗಿರುವ ಅಂತಹ ಒಬ್ಬ ವಿದ್ಯಾರ್ಥಿಯು ನಮ್ಮ ತರಗತಿಯಲ್ಲಿ ಎರಡು ವರ್ಷ ಭೌತವಿಜ್ಞಾನ ಓದಿದನು. ಬೈಲಕುಪ್ಪೆಯಲ್ಲಿ ಹುಟ್ಟಿದವನಾದುದರಿಂದ ಕನ್ನಡವನ್ನು ನಮ್ಮಂತೆಯೇ ಆಡುತ್ತಾನೆ. ಒಂದು ಭಾನುವಾರ ಜಯನಗರದ ನಮ್ಮ ಮನೆಗೆ ಬಂದಾಗ, ತನ್ನ ಊರಿನ ವಿಹಾರದಿಂದ ತಂದ ಒಂದು ಉದ್ದನೆಯ ಹಾಳೆಯನ್ನು ಮೇಜಿನ ಮೇಲೆ ಇಟ್ಟನು. ತಾಳೆಗರಿಯ ಆಕಾರವನ್ನೇ ಅನುಕರಿಸಿ ಅಡ್ಡಲಾಗಿ ಕತ್ತರಿಸಿದ ಕಾಗದ ಅದು. ಒಂದು ಮಹಾಯಾನ ಸೂತ್ರದ ಮೊದಲ ಹಾಳೆ. ‘ಸಾರ್, ಇದರ ಮೂಲ ನಿಮ್ಮ ದೇಶದ್ದೇ. ನಾವು ಚಿಕ್ಕವರಾಗಿದ್ದಾಗ ಬಾಯಿಪಾಠ ಮಾಡಿದ್ದೇವೆ. ಆದರೆ ಬಿಡಿಸಿ ಅರ್ಥ ಹೇಳು ಎಂದರೆ ತಡವರಿಸುತ್ತೇವೆ’ ಎಂದನು. ಮುಂದಿನ ಕೆಲವು ತಿಂಗಳು ಪ್ರತಿ ಭಾನುವಾರ ನಾವಿಬ್ಬರೂ ಕುಳಿತು ಬಿಡಿಸಿದುದು ಆ ಹಾಳೆಯ ಮೊದಲ ಮೂರು ಸಾಲುಗಳನ್ನು ಮಾತ್ರ. ಅದರಲ್ಲಿ ಕಂಡುದನ್ನು ಇಲ್ಲಿ ನಿರೂಪಿಸುವೆವು.

ಮೊದಲು ಲಿಪಿಯ ವಿಷಯ. ಟಿಬೆಟನ್ ಲಿಪಿಯು ಭಾರತದ ಬ್ರಾಹ್ಮೀ ಸಂತತಿಯದು. ಅದರ ವರ್ಣಮಾಲೆಯು ನಮ್ಮದರಂತೆಯೇ ಕ, ಖ, ಗ, ಙ ಎಂದು ಆರಂಭವಾಗುತ್ತದೆ. ಘ, ಝ ಮೊದಲಾದ ಘೋಷ ಮಹಾಪ್ರಾಣಗಳು ಮಾತ್ರ ಅದಕ್ಕೆ ಬೇಕಿಲ್ಲ. ಒಂದೊಂದು ಉಚ್ಚಾರಾಂಶದ ಬಳಿಕ ಒಂದು ಚುಕ್ಕೆ. ಮಾತು ನಿಂತಲ್ಲಿ ಒಂದು ನೇರ ಗೆರೆ, ನಮ್ಮ ದಂಡದಂತೆ. ತೊಡಕು ಇರುವುದು ಇಲ್ಲಿಯೇ. ಚುಕ್ಕೆಯು ಉಚ್ಚಾರಾಂಶಗಳನ್ನು ಬೇರ್ಪಡಿಸುವುದೇ ಹೊರತು ಪದಗಳನ್ನಲ್ಲ. ಎರಡು ಅಥವಾ ಮೂರು ತುಣುಕುಗಳು ಸೇರಿ ಒಂದು ಪದವಾಗಬಹುದು. ಎಲ್ಲಿ ಪದ ಮುಗಿಯಿತು ಎಂಬುದನ್ನು ಓದುಗನೇ ಕಂಡುಕೊಳ್ಳಬೇಕು.

ಇನ್ನೊಂದು ತೊಡಕು ಉಚ್ಚಾರಣೆಯದು. ಬರೆಯುವ ಅಕ್ಷರಗಳಲ್ಲಿ ಅನೇಕವನ್ನು ಈಗ ಉಚ್ಚರಿಸುವುದಿಲ್ಲ. ಕಾಗುಣಿತದಲ್ಲಿ ‘ಬ್ದಗ್ ಗಿಸ್’ ಎಂದು ಇರುವುದನ್ನು ನಮ್ಮ ವಿದ್ಯಾರ್ಥಿಯು ‘ದಾಗ್ ಗೀ’ ಎಂದು ಓದುತ್ತಾನೆ. ವ್ಯಾಕರಣವೆಲ್ಲ ಅಡಗಿರುವುದು ಕಾಗುಣಿತದಲ್ಲಿಯಾದುದರಿಂದ ಈ ಲೇಖನದಲ್ಲಿ ಅಕ್ಷರಕ್ಕೆ ಅಕ್ಷರವಿಟ್ಟು ಬರೆಯುವೆವು. ಇವುಗಳನ್ನು ಯಾರೂ ಹೀಗೆ ಉಚ್ಚರಿಸುವುದಿಲ್ಲ ಎಂಬುದು ವಾಚಕರ ನೆನಪಿನಲ್ಲಿರಲಿ.

ಬೌದ್ಧ ಸೂತ್ರಗಳೆಲ್ಲ ಸಾಮಾನ್ಯವಾಗಿ ಒಂದೇ ಪೀಠಿಕಾವಾಕ್ಯದಿಂದ ಆರಂಭವಾಗುತ್ತವೆ. ಹೀಗೆ ನನ್ನಿಂದ ಕೇಳಲ್ಪಟ್ಟಿತು, ಒಂದು ಸಮಯದಲ್ಲಿ ಭಗವಂತನು ಇಂತಹ ಊರಿನಲ್ಲಿ ಇಂತಹವರೊಡನೆ ಇದ್ದನು ಎಂಬುದು ಅದರ ಸಾರ. ಇದು ಯಾವ ಒಂದು ಗ್ರಂಥದ ಸ್ವತ್ತೂ ಅಲ್ಲ. ನಮ್ಮ ಪುರಾಣಗಳ ಸೂತ, ಶೌನಕರಂತೆ ನೂರಾರು ಗ್ರಂಥಗಳಿಗೆ ಹೊಂದುವ ಬಾಗಿಲು. ಸಂಸ್ಕೃತದಲ್ಲಿ ಇದರ ಮೊದಲ ಭಾಗಕ್ಕೆ ಐದೇ ಪದಗಳು: ಏವಂ, ಮಯಾ, ಶ್ರುತಂ, ಏಕಸ್ಮಿನ್, ಸಮಯೇ. ಇವುಗಳಿಗೆ ಎದುರಾಗಿ ಟಿಬೆಟನ್ ಹಾಳೆಯಲ್ಲಿ ಇರುವುದನ್ನು ಒಂದೊಂದಾಗಿ ಪರಿಶೀಲಿಸೋಣ.

‘ಏವಂ’ ಎಂಬುದಕ್ಕೆ ‘ದಿ ಸ್ಕದ್’. ದಿ ಎಂದರೆ ಇದು, ಸ್ಕದ್ ಎಂದರೆ ಮಾತು. ‘ಈ ಮಾತನ್ನು’ ಎಂದು ಭಾವ. ‘ಮಯಾ’ ಎಂಬುದಕ್ಕೆ ‘ಬ್ದಗ್ ಗಿಸ್’. ಬ್ದಗ್ ಎಂಬುದು ವಿನಯದಿಂದ ತನ್ನನ್ನು ಹೇಳಿಕೊಳ್ಳುವ ‘ನಾನು’. ಗಿಸ್ ಎಂಬುದು ಮಾಡುವವನನ್ನು ತೋರಿಸುವ ಪ್ರತ್ಯಯ. ‘ಶ್ರುತಂ’ ಎಂಬುದಕ್ಕೆ ‘ಥೋಸ್ ಪ’. ಥೋಸ್ ಎಂಬುದು ಕೇಳು ಎಂಬ ಧಾತು. ಅದಕ್ಕೆ ‘ಪ’ ಸೇರಿದರೆ ಕ್ರಿಯೆಯು ನಾಮದಂತಾಗುತ್ತದೆ. ಕೊನೆಯದಾಗಿ ‘ದುಸ್ ಗ್ಚಿಗ್ ನ’: ದುಸ್ ಎಂದರೆ ಕಾಲ, ಗ್ಚಿಗ್ ಎಂದರೆ ಒಂದು, ‘ನ’ ಎಂಬುದು ಸಪ್ತಮಿಯ ‘ಅಲ್ಲಿ’.

ಇಲ್ಲಿ ಕನ್ನಡಿಗನಿಗೆ ದೊರೆಯುವ ಅನುಕೂಲವು ಇಂಗ್ಲಿಷಿನ ಮೂಲಕ ಟಿಬೆಟನ್ ಕಲಿಯುವವನಿಗೆ ದೊರೆಯದು. ಸಂಸ್ಕೃತವು ‘ಏಕಸ್ಮಿನ್ ಸಮಯೇ’ ಎಂದು ವಿಶೇಷಣಕ್ಕೂ ವಿಶೇಷ್ಯಕ್ಕೂ ಎರಡು ಬಾರಿ ವಿಭಕ್ತಿಯನ್ನು ಹಚ್ಚುತ್ತದೆ. ಟಿಬೆಟನ್ ಭಾಷೆಯು ಇಡೀ ಪದಪುಂಜದ ಕೊನೆಯಲ್ಲಿ ಒಂದೇ ಬಾರಿ ಹಚ್ಚುತ್ತದೆ. ನಾವೂ ‘ಒಂದು ಕಾಲದಲ್ಲಿ’ ಎನ್ನುತ್ತೇವೆಯೇ ಹೊರತು ‘ಒಂದರಲ್ಲಿ ಕಾಲದಲ್ಲಿ’ ಎನ್ನುವುದಿಲ್ಲ. ವ್ಯತ್ಯಾಸವೆಂದರೆ ಅವರಲ್ಲಿ ಸಂಖ್ಯೆಯೂ ಗುಣವಾಚಕವೂ ನಾಮದ ಹಿಂದೆ ಬರುತ್ತವೆ: ‘ಕಾಲ ಒಂದು ಅಲ್ಲಿ’. ಇನ್ನು ‘ಥೋಸ್ ಪ’ ಎಂಬುದಕ್ಕೆ ಸರಿಯಾದ ಕನ್ನಡವನ್ನು ಹುಡುಕುತ್ತ ನಾವು ‘ಕೇಳಲ್ಪಟ್ಟದ್ದು’, ‘ಶ್ರವಣ’ ಎಂದೆಲ್ಲ ಬರೆದು ಹೊಡೆದುಹಾಕಿದೆವು. ಕಡೆಗೆ ವಿದ್ಯಾರ್ಥಿಯೇ ‘ಕೇಳಿದ್ದು ಅಂತ ಸಾರ್, ಅಷ್ಟೇ’ ಎಂದನು. ಅದೇ ಸರಿ. ‘ನಾನು ಕೇಳಿದ್ದು’ ಎಂಬಲ್ಲಿ ಕ್ರಿಯೆಯೂ ಇದೆ, ನಾಮವೂ ಇದೆ. ವಾಕ್ಯವು ಮುಗಿದಂತೆಯೂ ಇದೆ, ಮುಂದೆ ಇನ್ನೇನನ್ನೋ ಬಯಸಿದಂತೆಯೂ ಇದೆ. ಈ ಇಬ್ಬಗೆಯ ಸ್ವಭಾವವು ಮುಂದೆ ನಮಗೆ ಬೇಕಾಗುತ್ತದೆ.

ಗಿಸ್ ಎಂಬ ಪ್ರತ್ಯಯವನ್ನು ಸ್ವಲ್ಪ ನಿಂತು ನೋಡಬೇಕು. ಅದಕ್ಕೆ ಹಲವು ರೂಪಗಳಿವೆ. ಯಾವ ರೂಪ ಬರಬೇಕೆಂಬುದನ್ನು ಹಿಂದಿನ ಪದದ ಕೊನೆಯ ಅಕ್ಷರವು ನಿರ್ಧರಿಸುತ್ತದೆ. ಗ್ ಅಥವಾ ಙ್ ಇದ್ದರೆ ಗಿಸ್; ದ್, ಬ್, ಸ್ ಇದ್ದರೆ ಕ್ಯಿಸ್; ನ್, ಮ್, ರ್, ಲ್ ಇದ್ದರೆ ಗ್ಯಿಸ್; ಸ್ವರಾಂತವಾದರೆ ಬರಿಯ ಸ್ ಬಂದು ಅಂಟಿಕೊಳ್ಳುವುದೇ ಹೆಚ್ಚು. ಇದರ ಕೊನೆಯ ಸಕಾರವನ್ನು ತೆಗೆದರೆ ಷಷ್ಠೀ ವಿಭಕ್ತಿ: ಗಿ, ಕ್ಯಿ, ಗ್ಯಿ, ಇ. ಬ್ದಗ್ ಎಂಬುದು ಗಕಾರಾಂತವಾದುದರಿಂದ ಗಿಸ್ ಬಂದಿತು. ಪದಗಳ ನಡುವೆ ಅಂತರವಿಲ್ಲದ ಬರಹದಲ್ಲಿ ಈ ನಿಯಮವು ದೊಡ್ಡ ಆಸರೆ. ಸಕಾರದ ಬಳಿಕ ‘ಕ್ಯಿಸ್’ ಕಂಡರೆ ಅಲ್ಲಿ ಪದ ಮುಗಿದು ಪ್ರತ್ಯಯ ಹತ್ತಿದೆ ಎಂದು ಊಹಿಸಬಹುದು. ಸಕಾರದ ಬಳಿಕ ‘ಗಿಸ್’ ಕಂಡರೆ ಪ್ರತಿಕಾರನ ಕೈತಪ್ಪೋ ನಮ್ಮ ಓದಿನ ತಪ್ಪೋ ಎಂದು ಸಂಶಯಪಡಬೇಕು.

ಆದರೆ ಇದೇ ಪ್ರತ್ಯಯವು ಒಂದು ಸಂಗತಿಯನ್ನು ಮರೆಮಾಡುತ್ತದೆ. ಸಂಸ್ಕೃತದಲ್ಲಿ ‘ನನ್ನಿಂದ ಕೇಳಲ್ಪಟ್ಟಿತು’ ಎಂಬ ಕರ್ಮಣಿ ಪ್ರಯೋಗವಿರುವುದರಿಂದ ಮಯಾ ಎಂಬ ತೃತೀಯೆಯು ಬಂದಿದೆ. ಅದಕ್ಕೆ ಗಿಸ್ ಎಂಬುದು ಅಚ್ಚುಕಟ್ಟಾಗಿ ಹೊಂದುತ್ತದೆ. ಮುಂದೆ ಅದೇ ಗ್ರಂಥದಲ್ಲಿ ಭಗವಂತನು ಹೇಳಿದನು ಎಂಬ ಕರ್ತರಿ ಪ್ರಯೋಗವು ಬರುತ್ತದೆ. ಸಂಸ್ಕೃತದಲ್ಲಿ ಅಲ್ಲಿ ಪ್ರಥಮಾ ವಿಭಕ್ತಿ. ಟಿಬೆಟನ್ ಅನುವಾದದಲ್ಲಿ ಮಾತ್ರ ಅಲ್ಲಿಯೂ ‘ಕ್ಯಿಸ್’ ಇದೆ! ಏಕೆಂದರೆ ಆ ಭಾಷೆಯಲ್ಲಿ ಸಕರ್ಮಕ ಕ್ರಿಯೆಯನ್ನು ಮಾಡುವವನಿಗೆ ಸಾಮಾನ್ಯವಾಗಿ ಆ ಪ್ರತ್ಯಯ ಬರುತ್ತದೆ. ಕರ್ತರಿ, ಕರ್ಮಣಿ ಎಂಬ ಭೇದವೇ ಅಲ್ಲಿ ಇಲ್ಲ. ಸಂಸ್ಕೃತ ಮೂಲವು ನಷ್ಟವಾಗಿ ಟಿಬೆಟನ್ ಅಥವಾ ಚೀನೀ ಅನುವಾದದಲ್ಲಿ ಮಾತ್ರ ಉಳಿದಿರುವ ಸೂತ್ರಗಳು ಅನೇಕ. ಅಂತಹ ಗ್ರಂಥವನ್ನು ಪುನಃ ಸಂಸ್ಕೃತಕ್ಕೆ ತಿರುಗಿಸಹೊರಟವನು ‘ನಾನು ಕೇಳಿದೆನು’ ಎಂದು ಬರೆಯಬೇಕೋ ‘ನನ್ನಿಂದ ಕೇಳಲ್ಪಟ್ಟಿತು’ ಎಂದು ಬರೆಯಬೇಕೋ ಎಂಬುದನ್ನು ಕೇವಲ ಟಿಬೆಟನ್ ವ್ಯಾಕರಣದಿಂದ ತೀರ್ಮಾನಿಸಲಾರನು. ಬೇರೆ ಗ್ರಂಥಗಳ ಪರಿಚಯವೇ ಅವನಿಗೆ ದಾರಿ.

ಈಗ ವಾಕ್ಯದ ಎರಡನೆಯ ಭಾಗಕ್ಕೆ ಬರೋಣ. ಸಂಸ್ಕೃತದ ಪದಕ್ರಮವನ್ನು ಕನ್ನಡದ ಮಾತುಗಳಲ್ಲಿ ಇಟ್ಟರೆ ಹೀಗಾಗುತ್ತದೆ: ಭಗವಂತನು, ರಾಜಗೃಹದಲ್ಲಿ, ಇದ್ದನು, ಗೃಧ್ರಕೂಟ ಪರ್ವತದಲ್ಲಿ, ಮಹಾ ಭಿಕ್ಷುಸಂಘದೊಡನೆ. ಕ್ರಿಯಾಪದವು ನಡುವೆ ಬಂದು, ಉಳಿದ ಪದಗಳು ಅದರ ಹಿಂದೆ ಬಾಲದಂತೆ ಬಂದಿವೆ. ವಿಭಕ್ತಿಗಳು ಗಟ್ಟಿಯಾಗಿರುವುದರಿಂದ ಸಂಸ್ಕೃತಕ್ಕೆ ಈ ಸ್ವಾತಂತ್ರ್ಯವಿದೆ. ಟಿಬೆಟನ್ ಗದ್ಯಕ್ಕೆ ಇಲ್ಲ. ಅಲ್ಲಿ ಕ್ರಿಯಾಪದವು ಕನ್ನಡದಲ್ಲಿರುವಂತೆ ಕೊನೆಗೇ ಬರಬೇಕು. ಅನುವಾದಕರು ‘ಇದ್ದನು’ ಎಂಬುದನ್ನು ಎತ್ತಿ ವಾಕ್ಯದ ತುದಿಗೆ ಒಯ್ದಿದ್ದಾರೆ.

ಇದು ಅವರ ಸ್ವಚ್ಛಂದ ವರ್ತನೆಯಲ್ಲ. 9ನೆಯ ಶತಮಾನದ ಆರಂಭದಲ್ಲಿ ಟಿಬೆಟ್ಟಿನ ದೊರೆಯು ಅನುವಾದದ ವಿಷಯವಾಗಿ ಒಂದು ಶಾಸನವನ್ನು ಹೊರಡಿಸಿದನು. ಅದರ ಕಾಲವನ್ನು ಸಾಮಾನ್ಯವಾಗಿ 814 ಎಂದು ಗಣಿಸುತ್ತಾರೆ. ಜಿನಮಿತ್ರ, ದಾನಶೀಲರಂತಹ ಭಾರತೀಯ ಪಂಡಿತರೂ ಯೆಶೆ ದೆ ಎಂಬವನಂತಹ ಟಿಬೆಟನ್ ಅನುವಾದಕರೂ ಜೊತೆಗೂಡಿ ಕೆಲಸಮಾಡುತ್ತಿದ್ದ ಕಾಲ ಅದು. ಒಂಬತ್ತು ಸಾವಿರಕ್ಕೂ ಮಿಕ್ಕ ಸಂಸ್ಕೃತ ಶಬ್ದಗಳಿಗೆ ಸಮಾನಪದಗಳನ್ನು ಗೊತ್ತುಮಾಡಿದ ‘ಮಹಾವ್ಯುತ್ಪತ್ತಿ’ ಎಂಬ ಕೋಶವು ಈ ಪ್ರಯತ್ನದ ಫಲ. ಪದಕ್ರಮದ ವಿಷಯದಲ್ಲಿ ಆ ಶಾಸನದ ಅಭಿಪ್ರಾಯ ಇಷ್ಟು: ಸಂಸ್ಕೃತದ ಕ್ರಮವನ್ನು ಹಾಗೆಯೇ ಇಟ್ಟರೂ ಟಿಬೆಟನ್ನಿನಲ್ಲಿ ಅರ್ಥ ಸುಗಮವಾಗುವುದಾದರೆ ಅದನ್ನು ಕದಲಿಸಬೇಡಿ, ಬದಲಿಸಿದರೇ ಸುಗಮವೆಂದಾದರೆ, ಪದ್ಯದಲ್ಲಿ ಆ ಪದ್ಯದ ಎಲ್ಲೆಯೊಳಗೆ, ಗದ್ಯದಲ್ಲಿ ಅರ್ಥ ಮುಗಿಯುವವರೆಗಿನ ಎಲ್ಲೆಯೊಳಗೆ ಬದಲಿಸಿಕೊಳ್ಳಿ. ನಮ್ಮಲ್ಲಿ ಭಾಷಾಂತರ ಮಾಡುವವರಿಗೂ ಇಷ್ಟು ಸ್ಪಷ್ಟವಾದ ನಿರ್ದೇಶವಿದ್ದಿದ್ದರೆ ಎಷ್ಟೋ ಪಠ್ಯಪುಸ್ತಕಗಳು ಓದಲು ಯೋಗ್ಯವಾಗುತ್ತಿದ್ದುವು ಎಂದು ನಮಗೆ ಅನೇಕ ಸಲ ಅನ್ನಿಸಿದೆ.

ಭಗವಂತ ಎಂಬ ಪದವು ‘ಬ್ಚೊಮ್ ಲ್ದನ್ ದಸ್’ ಎಂದಾಗಿದೆ. ಬ್ಚೊಮ್ ಎಂದರೆ ಜಯಿಸಿದವನು, ಲ್ದನ್ ಎಂದರೆ ಗುಣಗಳನ್ನು ಉಳ್ಳವನು. ದಸ್ ಎಂದರೆ ದಾಟಿದವನು. ಇದಕ್ಕೆ ಸಂಸ್ಕೃತ ಶಬ್ದದಲ್ಲಿ ಆಧಾರವಿಲ್ಲ. ಲೌಕಿಕ ದೇವತೆಗಳನ್ನೂ ಸಂಸ್ಕೃತದಲ್ಲಿ ‘ಭಗವಾನ್’ ಎನ್ನುವುದುಂಟಾದುದರಿಂದ, ಅವರಿಂದ ಬುದ್ಧನನ್ನು ಬೇರ್ಪಡಿಸಲೆಂದು ಈ ಮೂರನೆಯ ತುಣುಕನ್ನು ಬುದ್ಧಿಪೂರ್ವಕವಾಗಿ ಸೇರಿಸಿದರು.

ಮುಂದಿನದು ‘ರ್ಗ್ಯಲ್ ಪೊಇ ಖಬ್ ನ’. ಇಲ್ಲಿ ನಾವು ಎಡವಿದೆವು. ರ್ಗ್ಯಲ್ ಪೊ ಎಂದರೆ ರಾಜ. ಸ್ವರಾಂತವಾದುದರಿಂದ ಷಷ್ಠಿಯ ‘ಇ’ ಹತ್ತಿದೆ. ಖಬ್ ಎಂದರೆ ನಿವಾಸ. ‘ನ’ ಎಂದರೆ ಅಲ್ಲಿ. ನಿಯಮಗಳೆಲ್ಲ ಸರಿಹೊಂದಿದ ಸಂತೋಷದಲ್ಲಿ ನಾವು ‘ಭಗವಂತನು ಅರಸನ ಮನೆಯಲ್ಲಿ ಇದ್ದನು’ ಎಂದು ಬರೆದು ಮುಂದೆ ಸಾಗಿದೆವು. ಅದಾದಮೇಲೆ ‘ಬ್ಯ ರ್ಗೊದ್ ಕ್ಯಿ ಫುಙ್ ಪೊಇ ರಿ ಲ’ ಎಂಬುದು ಬಂದಿತು: ಬ್ಯ ರ್ಗೊದ್ ಎಂದರೆ ಹದ್ದು, ದಕಾರಾಂತವಾದುದರಿಂದ ಕ್ಯಿ, ಫುಙ್ ಪೊ ಎಂದರೆ ರಾಶಿ, ರಿ ಎಂದರೆ ಬೆಟ್ಟ, ಲ ಎಂಬುದು ಮೇಲೆ ಎಂಬ ಅರ್ಥದ ಪ್ರತ್ಯಯ. ಹದ್ದುಗಳ ರಾಶಿಯ ಬೆಟ್ಟದ ಮೇಲೆ! ಅರಸನ ಮನೆಯಲ್ಲಿದ್ದವನು ಅದೇ ವಾಕ್ಯದಲ್ಲಿ ಬೆಟ್ಟವನ್ನೇಕೆ ಹತ್ತಿದನು ಎಂದು ಯೋಚಿಸಿದಾಗ ತಪ್ಪು ಬೆಳಕಿಗೆ ಬಂದಿತು. ಹದ್ದು ಗೃಧ್ರ, ರಾಶಿ ಕೂಟ; ಇದು ಗೃಧ್ರಕೂಟ ಪರ್ವತ. ಅರಸನ ಮನೆಯು ಅರಮನೆಯಲ್ಲ, ಮಗಧದ ರಾಜಗೃಹ ನಗರ. ಆ ಅನುವಾದಕರು ಊರು, ಬೆಟ್ಟಗಳ ಹೆಸರನ್ನೂ ಭಾಷಾಂತರಿಸಿಬಿಡುತ್ತಿದ್ದರು. ಬನಶಂಕರಿಯನ್ನು ‘ಕಾಡಿನ ಶಿವೆ’ ಎಂದು ಬರೆದಂತೆ. ಬರಹದಲ್ಲಿ ಅಂಕಿತನಾಮವನ್ನು ತೋರಿಸುವ ಗುರುತೇನೂ ಇಲ್ಲ. ವ್ಯಾಕರಣವು ಸರಿಯಾಗಿದ್ದೂ ಅರ್ಥವು ಅಸಂಬದ್ಧವಾದಲ್ಲಿ ಹೆಸರು ಅಡಗಿದೆಯೇ ಎಂದು ನೋಡಬೇಕು. ಸ್ಥಳವನ್ನು ಹೇಳುವ ಎರಡು ಪ್ರತ್ಯಯಗಳು ಒಂದರ ಹಿಂದೊಂದು ಬಂದುದೇ, ‘ಜಯನಗರದಲ್ಲಿ ನಾಲ್ಕನೆಯ ಬ್ಲಾಕಿನಲ್ಲಿ’ ಎಂಬಂತೆ ದೊಡ್ಡ ಸ್ಥಳದೊಳಗೆ ಚಿಕ್ಕ ಸ್ಥಳವನ್ನು ಹೇಳುತ್ತಿದ್ದಾರೆ ಎಂಬುದಕ್ಕೆ ಸೂಚನೆಯಾಗಿದ್ದಿತು. ನಾವು ಅದನ್ನು ಲಕ್ಷಿಸಲಿಲ್ಲ.

ಬಳಿಕ ‘ದ್ಗೆ ಸ್ಲೊಙ್ ಗಿ ದ್ಗೆ ದುನ್ ಛೆನ್ ಪೊ ದಙ್ ಥಬ್ಸ್ ಚಿಗ್ ತು’. ದ್ಗೆ ಸ್ಲೊಙ್ ಭಿಕ್ಷು, ದ್ಗೆ ದುನ್ ಸಂಘ, ಛೆನ್ ಪೊ ದೊಡ್ಡದು. ಗುಣವಾಚಕವು ಇಲ್ಲಿಯೂ ಹಿಂದೆಯೇ ಬಂದಿದೆ. ‘ದಙ್’ ಎಂಬುದಕ್ಕೆ ಕೋಶದಲ್ಲಿ ‘ಮತ್ತು’ ಎಂಬ ಅರ್ಥವೂ ಇದೆ, ‘ಒಡನೆ’ ಎಂಬ ಅರ್ಥವೂ ಇದೆ. ಕನ್ನಡದ ‘ಊ’ ಮತ್ತು ‘ಒಡನೆ’ ಎರಡರ ಕೆಲಸವನ್ನೂ ಅದೊಂದೇ ಮಾಡುವುದರಿಂದ, ಅದನ್ನು ಕಂಡಕೂಡಲೆ ಅರ್ಥಮಾಡದೆ ಮುಂದಿನ ಪದವನ್ನು ನೋಡಬೇಕು. ಇಲ್ಲಿ ಮುಂದೆ ‘ಥಬ್ಸ್ ಚಿಗ್ ತು’, ಅಂದರೆ ‘ಒಟ್ಟಾಗಿ’ ಎಂದಿರುವುದರಿಂದ ಸಂದೇಹವಿಲ್ಲ: ಭಿಕ್ಷುಗಳ ಮಹಾಸಂಘದೊಡನೆ.

ಕೊನೆಗೆ ಕ್ರಿಯಾಪದ: ‘ಬ್ಝುಗ್ಸ್ ತೆ’. ಸಂಸ್ಕೃತದ ಕ್ರಿಯಾಪದವು ಭಿಕ್ಷುವಿಗೂ ಬುದ್ಧನಿಗೂ ಒಂದೇ. ಟಿಬೆಟನ್ನಿನಲ್ಲಿ ಹಾಗಲ್ಲ. ಬ್ಝುಗ್ಸ್ ಎಂಬುದು ಪೂಜ್ಯರು ಇರುವುದನ್ನು, ಕುಳಿತಿರುವುದನ್ನು ಹೇಳುವ ಗೌರವದ ಧಾತು. ನಾವು ‘ಗುರುಗಳು ಬಿಜಯಮಾಡಿದ್ದರು’ ಎಂದಂತೆ. ಸಂಸ್ಕೃತದ ಕ್ರಿಯಾಪದದ ಕೊನೆಯಲ್ಲಿರುವ ಪುರುಷ, ವಚನಗಳು ಟಿಬೆಟನ್ ಕ್ರಿಯಾಪದದಲ್ಲಿ ಇಲ್ಲ. ಇದ್ದನು, ಇದ್ದೆನು, ಇದ್ದರು ಎಲ್ಲಕ್ಕೂ ಒಂದೇ ರೂಪ. ಆ ನಷ್ಟವನ್ನು ಈ ಗೌರವಧಾತುಗಳು ಬಹುಮಟ್ಟಿಗೆ ತುಂಬಿಕೊಡುತ್ತವೆ. ಸೂತ್ರವು ಮುಂದೆ ಸಂವಾದವಾಗಿ ನಡೆಯುವಾಗ ಯಾರು ಹೇಳಿದರು ಎಂಬುದನ್ನು ಬಿಟ್ಟಿದ್ದರೂ ಕ್ರಿಯಾಪದದಿಂದ ತಿಳಿಯಬಹುದು. ಶಿಷ್ಯನು ಗುರುವಿಗೆ ಹೇಳಿದರೆ ‘ಗ್ಸೊಲ್’, ಎಂದರೆ ಬಿನ್ನವಿಸಿದನು. ಬುದ್ಧನು ಹೇಳಿದರೆ ‘ಬ್ಕ ಸ್ತ್ಸಲ್’. ಬ್ಕ ಎಂದರೆ ಆಜ್ಞಾರೂಪದ ನುಡಿ, ಸ್ತ್ಸಲ್ ಎಂದರೆ ದಯಪಾಲಿಸು. ಕನ್ನಡದಲ್ಲಿ ‘ಅಪ್ಪಣೆ ಕೊಡಿಸಿದರು’ ಎನ್ನುವುದು ಇದಕ್ಕೆ ಎಷ್ಟು ಹತ್ತಿರವೆಂದರೆ, ನಮ್ಮ ವಿದ್ಯಾರ್ಥಿಯು ಆ ಮಾತನ್ನು ಕೇಳಿ ‘ಅದು ನಮ್ಮದೇ, ಸಾರ್’ ಎಂದು ನಕ್ಕನು.

ಇನ್ನು ‘ತೆ’. ಇದು ವಾಕ್ಯವು ಮುಗಿದಿಲ್ಲವೆಂಬ ಸೂಚನೆ. ಕನ್ನಡದಲ್ಲಿ ‘ಇದ್ದು’, ‘ಕುಳಿತು’ ಎಂದರೆ ಕೇಳುವವನು ಮುಂದಿನ ಕ್ರಿಯೆಗಾಗಿ ಕಾಯುವಂತೆ ‘ಬ್ಝುಗ್ಸ್ ತೆ’ ಎಂದಾಗ ಓದುಗನು ಕಾಯಬೇಕು. ಇದರ ರೂಪವೂ ಹಿಂದಿನ ಅಕ್ಷರಕ್ಕೆ ಅಧೀನ: ನ್, ರ್, ಲ್, ಸ್ ಆದಮೇಲೆ ತೆ, ದ್ ಆದಮೇಲೆ ದೆ, ಉಳಿದೆಡೆ ಸ್ತೆ. ವಾಕ್ಯವು ನಿಜವಾಗಿ ಮುಗಿಯುವಲ್ಲಿ ಬೇರೊಂದು ಏರ್ಪಾಡಿದೆ. ಈ ಭಾಷೆಯಲ್ಲಿ ನಮಗೆ ಅತ್ಯಂತ ಮೆಚ್ಚಿಕೆಯಾದುದು ಅದು. ಕ್ರಿಯಾಪದದ ಕೊನೆಯ ವ್ಯಂಜನವನ್ನೇ ಇನ್ನೊಮ್ಮೆ ಉಚ್ಚರಿಸಿ ಅದಕ್ಕೆ ‘ಒ’ ಸೇರಿಸುತ್ತಾರೆ. ಯಿನ್ ಎಂಬುದು ‘ಯಿನ್ ನೊ’ ಆಗುತ್ತದೆ. ಗ್ಯುರ್ ‘ಗ್ಯುರ್ ರೊ’. ಮ್ಥೊಙ್ ‘ಮ್ಥೊಙ್ ಙೊ’. ಗ್ಸುಙ್ಸ್ ‘ಗ್ಸುಙ್ಸ್ ಸೊ’. ಗೋಡೆಗೆ ಬಡಿದ ಸದ್ದು ಹಿಂದಿರುಗಿದಂತೆ ವಾಕ್ಯದ ತುದಿಯು ತನ್ನ ಪ್ರತಿಧ್ವನಿಯನ್ನು ಕೊಟ್ಟು ನಿಲ್ಲುತ್ತದೆ. ಹಾಳೆಯ ಮೇಲೆ ಕಣ್ಣಾಡಿಸಿ ಈ ಪ್ರತಿಧ್ವನಿಗಳನ್ನು ಮೊದಲು ಗುರುತಿಸಿಕೊಂಡರೆ ವಾಕ್ಯಗಳ ಎಲ್ಲೆ ಗೊತ್ತಾಗುತ್ತದೆ. ಅನಂತರ ಪ್ರತಿ ವಾಕ್ಯವನ್ನೂ ತುದಿಯಿಂದ ಹಿಂದಕ್ಕೆ ಬಿಡಿಸುತ್ತ ಬರಬಹುದು.

ಈ ನಿಯಮವನ್ನು ಕಲಿತ ಹುಮ್ಮಸ್ಸಿನಲ್ಲಿ ನಾವು ಒಂದು ‘ತಪ್ಪನ್ನು’ ಕಂಡುಹಿಡಿದೆವು. ಸ್ತ್ಸಲ್ ಎಂಬುದು ಲಕಾರಾಂತ. ‘ಸ್ತ್ಸಲ್ ಲೊ’ ಎಂದಿರಬೇಕು. ಹಾಳೆಯಲ್ಲಿ ‘ಸ್ತ್ಸಲ್ ತೊ’ ಎಂದಿದೆ. ‘ವಿಹಾರದಲ್ಲಿ ಹಾಗೇ ಓದುತ್ತೇವೆ, ಸಾರ್’ ಎಂದಷ್ಟೇ ವಿದ್ಯಾರ್ಥಿಯ ಉತ್ತರ. ಮುದ್ರಣದೋಷವಿರಬೇಕೆಂದು ಗುರುತುಮಾಡಿದೆವು, ಆದರೆ ಮುಂದೆಯೂ ಅದು ಅದೇ ರೂಪದಲ್ಲಿ ಬಂದಿತು, ‘ಗ್ಸೊಲ್’ ಎಂಬುದರ ಬಳಿಕವೂ ‘ತೊ’ ಕಂಡಿತು. ಒಂದೇ ಕಡೆಗೆ ಮತ್ತೆ ಮತ್ತೆ ವಾಲುವ ದೋಷವು ಕೈತಪ್ಪಲ್ಲ, ಅದಕ್ಕೆ ಕಾರಣವಿರಬೇಕು ಎಂದು ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಆ ಮಾತು ಇಲ್ಲಿ ನಮಗೇ ಅನ್ವಯಿಸಿತು. ಮಧ್ಯ ಏಷ್ಯದ ದುನ್‌ಹುವಾಂಗ್ ಎಂಬಲ್ಲಿಯ ಗುಹೆಯೊಂದರಲ್ಲಿ, 11ನೆಯ ಶತಮಾನದ ಆರಂಭದಲ್ಲಿ ಮುಚ್ಚಿಹೋಗಿ 1900ರಲ್ಲಿ ಬೆಳಕಿಗೆ ಬಂದ ಹಳೆಯ ಟಿಬೆಟನ್ ಹಸ್ತಪ್ರತಿಗಳಿವೆ. ಅವುಗಳಲ್ಲಿ ಈ ಧಾತುವನ್ನು ‘ಸ್ತ್ಸಲ್ದ್’ ಎಂದು, ಕೊನೆಗೆ ಒಂದು ದಕಾರವನ್ನು ಸೇರಿಸಿ ಬರೆದಿದೆ. ನ್, ರ್, ಲ್ ಇವುಗಳ ಬಳಿಕ ಇದ್ದ ಆ ದಕಾರವನ್ನು ಮುಂದೆ ಕಾಗುಣಿತದಿಂದ ಕೈಬಿಟ್ಟರು. ಅಕ್ಷರವು ಹೋಯಿತು; ಅದರ ಪ್ರತಿಧ್ವನಿಯಾದ ‘ತೊ’ ಉಳಿಯಿತು.

ಕನ್ನಡದಲ್ಲಿ ಇಂತಹುದು ಇಲ್ಲವೆಂದು ತಿಳಿಯಬಾರದು. ಕೊಳ್ಳು, ಬೀಳು ಎಂಬ ಎರಡರಲ್ಲಿಯೂ ಇಂದು ಳಕಾರವೇ ಇದೆ. ಆದರೆ ಭೂತಕಾಲದಲ್ಲಿ ಒಂದು ‘ಕೊಂಡನು’, ಇನ್ನೊಂದು ‘ಬಿದ್ದನು’. ಹಳಗನ್ನಡದಲ್ಲಿ ಬೀಳು ಎಂಬುದು ‘ಬೀೞ್’ ಆಗಿದ್ದು ಅದರ ಕೊನೆಯ ಅಕ್ಷರವೇ ಬೇರೆಯಾಗಿದ್ದಿತು. ಆ ೞಕಾರವು ವರ್ಣಮಾಲೆಯಿಂದ ಮರೆಯಾಗಿ ಶತಮಾನಗಳೇ ಆದರೂ ‘ಬಿದ್ದನು’ ಎಂಬ ರೂಪದಲ್ಲಿ ಅದರ ಗುರುತು ಉಳಿದಿದೆ.

ಈ ಸಲಕರಣೆಗಳನ್ನು ಹಿಡಿದುಕೊಂಡು ಪುನಃ ವಾಕ್ಯದ ಆರಂಭಕ್ಕೆ ಹಿಂದಿರುಗೋಣ. ಏಕೆಂದರೆ ನಿಜವಾದ ಸಮಸ್ಯೆ ಅಲ್ಲಿದೆ. ‘ಒಂದು ಸಮಯದಲ್ಲಿ’ ಎಂಬುದು ಯಾವ ಕ್ರಿಯೆಗೆ ಸೇರಿದುದು? ‘ಒಂದು ಸಮಯದಲ್ಲಿ ನಾನು ಹೀಗೆ ಕೇಳಿದೆನು’ ಎಂದೋ, ‘ಒಂದು ಸಮಯದಲ್ಲಿ ಭಗವಂತನು ರಾಜಗೃಹದಲ್ಲಿದ್ದನು’ ಎಂದೋ? ಮೊದಲನೆಯದಾದರೆ ಕಾಲವು ಕೇಳಿದವನ ನೆನಪಿಗೆ ಸಂಬಂಧಿಸಿದುದು. ಎರಡನೆಯದಾದರೆ ಬುದ್ಧನ ಚರಿತ್ರೆಗೆ. ಪಾಲಿ ಭಾಷೆಯ ಸೂತ್ರಗಳಲ್ಲಿ ಇದೇ ಸ್ಥಾನದಲ್ಲಿ ‘ಏಕಂ ಸಮಯಂ’ ಎಂಬ ದ್ವಿತೀಯೆ ಇದೆ. ಒಂದು ಕಾಲದ ಉದ್ದಕ್ಕೂ ನಡೆದ ಕ್ರಿಯೆಗೆ ದ್ವಿತೀಯೆ ಹೊಂದುವುದರಿಂದ, ಇರುವುದು ಎಂಬ ಕ್ರಿಯೆಯೊಡನೆ ಅದನ್ನು ಸೇರಿಸುವುದು ಸಹಜ. 5ನೆಯ ಶತಮಾನದ ಬುದ್ಧಘೋಷನು ಹಾಗೆಯೇ ವ್ಯಾಖ್ಯಾನಿಸಿದ್ದಾನೆ. ಸಂಸ್ಕೃತದ ಸಪ್ತಮಿಯಾದರೋ ಎರಡು ಕಡೆಗೂ ಹೊಂದುತ್ತದೆ.

1950ರಲ್ಲಿ ಜಾನ್ ಬ್ರಫ್ ಎಂಬ ಬ್ರಿಟಿಷ್ ವಿದ್ವಾಂಸನು ಟಿಬೆಟನ್ ಅನುವಾದವನ್ನು ಸಾಕ್ಷಿಗೆ ಕರೆದನು. ಟಿಬೆಟನ್ ಪ್ರತಿಗಳಲ್ಲಿ ‘ದುಸ್ ಗ್ಚಿಗ್ ನ’ ಎಂಬುದರ ಬಳಿಕ ದಂಡವಿದೆ. ಆದ್ದರಿಂದ ಆ ಅನುವಾದಕರೂ ಅವರ ಜೊತೆಗಿದ್ದ ಭಾರತೀಯ ಪಂಡಿತರೂ ಕಾಲವನ್ನು ಕೇಳುವಿಕೆಗೆ ಸೇರಿಸಿದ್ದರು ಎಂಬುದು ಅವನ ವಾದ. ಮುಂದಿನ ದಶಕಗಳಲ್ಲಿ ಇದರ ಮೇಲೆ ಚರ್ಚೆ ನಡೆದು ಎರಡು ಪಕ್ಷಗಳಿಗೂ ಬೆಂಬಲ ದೊರೆಯಿತು.

ನಮ್ಮ ಹಾಳೆಯಲ್ಲಿಯೂ ದಂಡವು ಅಲ್ಲಿಯೇ ಇದೆ. ವಿದ್ಯಾರ್ಥಿಯು ಬಾಯಿಪಾಠ ಒಪ್ಪಿಸುವಾಗ ಉಸಿರು ತೆಗೆದುಕೊಂಡುದೂ ಅಲ್ಲಿಯೇ. ಬ್ರಫ್‌ನ ಪಕ್ಷಕ್ಕೆ ಇನ್ನೊಂದು ಆಧಾರವನ್ನೂ ನಾವು ಕೊಡಬಲ್ಲೆವು: ‘ನಾನು ಕೇಳಿದೆನು’ ಎಂದು ವಾಕ್ಯವನ್ನು ಅಲ್ಲಿಗೇ ಮುಗಿಸುವ ಇಚ್ಛೆಯಿದ್ದಿದ್ದರೆ ಅನುವಾದಕನು ‘ಥೋಸ್ ಸೊ’ ಎಂದು ಪ್ರತಿಧ್ವನಿಯನ್ನು ಕೊಡಬಹುದಾಗಿತ್ತು. ಕೊಡಲಿಲ್ಲ, ‘ಥೋಸ್ ಪ’ ಎಂದು ತೆರೆದಿಟ್ಟನು. ‘ಈ ಮಾತನ್ನು ನಾನು ಕೇಳಿದ್ದು ಒಂದು ಕಾಲದಲ್ಲಿ’ ಎಂಬ ಕನ್ನಡ ವಾಕ್ಯವು ಆ ಪದಗಳಿಗೆ ಒಂದೊಂದಾಗಿ ಹೊಂದುತ್ತದೆ, ಮತ್ತು ಅದು ಪೂರ್ಣ ವಾಕ್ಯ.

ಆದರೆ ಪದಕ್ರಮವು ಎದುರು ಪಕ್ಷದ ಸಾಕ್ಷಿ. ಕ್ರಿಯೆಯನ್ನು ಕೊನೆಗಿಡುವ ಭಾಷೆಯಲ್ಲಿ, ಕಾಲವು ಕೇಳುವಿಕೆಗೆ ಸೇರಿದುದೆಂದು ಅನುವಾದಕನು ನಂಬಿದ್ದರೆ ‘ಒಂದು ಕಾಲದಲ್ಲಿ ನಾನು ಈ ಮಾತನ್ನು ಕೇಳಿದೆನು’ ಎಂದು ಅದನ್ನು ಮುಂದಕ್ಕೆ ತರಬಹುದಾಗಿತ್ತು. ಎರಡನೆಯ ಭಾಗದಲ್ಲಿ ಕ್ರಿಯಾಪದವನ್ನು ಅಷ್ಟು ದೂರ ಸಾಗಿಸಿದವನಿಗೆ ಇದೇನೂ ಕಷ್ಟವಲ್ಲ. ಶಾಸನದ ಅನುಮತಿಯೂ ಇತ್ತು. ಅವನು ಕದಲಿಸಲಿಲ್ಲ. ಇದಕ್ಕೆ ಒಂದು ಸ್ವಾರಸ್ಯವಾದ ವಿವರಣೆ ನಮಗೆ ತೋರುತ್ತದೆ. ಸಂಸ್ಕೃತದ ಭಾಷ್ಯಕಾರರಲ್ಲಿ ‘ಒಂದು ಸಮಯದಲ್ಲಿ’ ಎಂಬುದನ್ನು ಹಿಂದಕ್ಕೂ ಮುಂದಕ್ಕೂ ಅನ್ವಯಿಸಿದವರು ಉಂಟು. ಮೂಲದ ಸಂದಿಗ್ಧತೆಯು ಹಾಗೆಯೇ ಉಳಿಯಲೆಂದು ಅನುವಾದಕನು ಸಂಸ್ಕೃತದ ಕ್ರಮವನ್ನೇ ಇಟ್ಟು, ಎರಡು ಕಡೆಗೂ ತಿರುಗಬಲ್ಲ ‘ಪ’ ಪ್ರತ್ಯಯವನ್ನು ಬಳಸಿರಬಹುದು. ಹಾಗಾದರೆ ದಂಡ? ಅದು ಅನುವಾದಕನದೇ ಆಗಬೇಕೆಂದಿಲ್ಲ. ವಿಭಕ್ತಿಯನ್ನು ಪ್ರತಿಕಾರನು ಬದಲಿಸಲಾರ, ಬದಲಿಸಿದರೆ ಅರ್ಥ ಕೆಡುತ್ತದೆ. ದಂಡವನ್ನಾದರೋ ಉಸಿರು ತೆಗೆಯುವ ಅನುಕೂಲಕ್ಕೆ ಯಾವ ಶತಮಾನದಲ್ಲಿಯಾದರೂ ಎಳೆಯಬಹುದು. ಆದುದರಿಂದ ಪ್ರತ್ಯಯವು ನುಡಿಯುವ ಸಾಕ್ಷಿಗೆ ಹೆಚ್ಚು ಬೆಲೆ, ದಂಡದ ಸಾಕ್ಷಿಗೆ ಕಡಿಮೆ ಬೆಲೆ ಎಂಬುದು ನಮ್ಮ ಅಭಿಪ್ರಾಯ. ಪ್ರತ್ಯಯವು ಇಲ್ಲಿ ಎರಡೂ ಕಡೆಗೆ ನುಡಿಯುತ್ತಿದೆ.

ವಿದ್ಯಾರ್ಥಿಗೆ ಈ ವಾದವು ಪೂರ್ತಿ ಒಪ್ಪಿಗೆಯಾಗಲಿಲ್ಲ. ‘ನೀವು ಹೇಳುವುದು ಸರಿಯಿರಬಹುದು, ಸಾರ್. ಆದರೆ ನಮ್ಮ ಗುರುಗಳು ಅಲ್ಲಿ ನಿಲ್ಲಿಸಿಯೇ ಹೇಳಿಕೊಟ್ಟದ್ದು’ ಎಂದನು. ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಕನ್ನಡ ಅನುವಾದವನ್ನು ಬರೆಯುವಾಗ ‘ಈ ಮಾತನ್ನು ನಾನು ಕೇಳಿದ್ದು ಒಂದು ಕಾಲದಲ್ಲಿ’ ಎಂದು ಬರೆದು, ದಂಡವನ್ನು ಹಾಳೆಯಲ್ಲಿದ್ದಂತೆ ಅದರ ಬಳಿಕವೇ ಇಟ್ಟು, ಅದರ ಸುತ್ತ ಪೆನ್ಸಿಲಿನಿಂದ ಒಂದು ವೃತ್ತವನ್ನು ಎಳೆದಿದ್ದೇವೆ. ‘ಬ್ಝುಗ್ಸ್ ತೆ’ ಎಂಬಲ್ಲಿ ಕಾಯುತ್ತಿರುವ ವಾಕ್ಯದ ಮುಂದಿನ ಭಾಗವು ಎರಡನೆಯ ಹಾಳೆಯಲ್ಲಿದೆ. ಅದನ್ನು ಆತನು ಮುಂದಿನ ಸಲ ಊರಿಗೆ ಹೋದಾಗ ತರುವನು.